ಗಾಜಿನ ಸೋಡಾ ಬಾಟಲಿಗೆ ಯಾವ ಕ್ರೇಟ್ ವ್ಯವಸ್ಥೆ: ಸ್ವಂತದ್ದೋ, ಸಾಮೂಹಿಕವೋ, ಬಾಡಿಗೆಯದೋ?

ಕೋಲಾರದ ಹೊರವಲಯದಲ್ಲಿ 200 ಮಿಲಿಲೀಟರ್ ಗಾಜಿನ ಬಾಟಲಿಗಳಲ್ಲಿ ಜೀರಾ, ಪನ್ನೀರ್ ಮತ್ತು ಸಾದಾ ಸೋಡಾ ತುಂಬುವ ಒಂದು ಚಿಕ್ಕ ಘಟಕದ ಲೆಕ್ಕಪತ್ರಗಳನ್ನು ನಾನು ಕೆಲವು ವರ್ಷ ನೋಡಿಕೊಂಡಿದ್ದೆ. ಅಲ್ಲಿ ವರ್ಷಕ್ಕೊಮ್ಮೆಯಾದರೂ ಏಳುತ್ತಿದ್ದ ಪ್ರಶ್ನೆಯೇ ಈ ಬರಹದ ವಿಷಯ. ಕ್ರೇಟುಗಳನ್ನು ನಾವೇ ಕೊಂಡು, ನಾವೇ ತೊಳೆದು, ನಾವೇ ತಿರುಗಿಸಬೇಕೇ? ಅಕ್ಕಪಕ್ಕದ ಘಟಕಗಳೊಂದಿಗೆ ಒಂದೇ ಬಗೆಯ ಬಾಟಲಿ ಮತ್ತು ಕ್ರೇಟು ಇಟ್ಟುಕೊಂಡು ಹಂಚಿಕೊಳ್ಳಬೇಕೇ? ಕ್ರೇಟುಗಳನ್ನು ಬಾಡಿಗೆಗೆ ಕೊಡುವವರಿಂದ ತರಬೇಕೇ? ಅಥವಾ ಖಾಲಿ ಬಾಟಲಿಯ ಗೊಡವೆಯೇ ಬೇಡವೆಂದು ಬಳಸಿ ಬಿಸಾಡುವ ಪೆಟ್ ಬಾಟಲಿಗೆ ಹೋಗಬೇಕೇ? ಈ ನಾಲ್ಕರಲ್ಲಿ ಯಾವುದು ಸರಿಯೆಂಬುದನ್ನು ನಿಜವಾಗಿ ನಿರ್ಧರಿಸುವ ಸಂಖ್ಯೆಗಳು ಎರಡೇ: ಹೊರಟ ಕ್ರೇಟು ಎಷ್ಟು ದಿನಕ್ಕೆ ಮರಳುತ್ತದೆ, ಮತ್ತು ನೂರರಲ್ಲಿ ಎಷ್ಟು ಮರಳುವುದೇ ಇಲ್ಲ. ಹೆಚ್ಚಿನವರು ದರಪಟ್ಟಿಯನ್ನು ಮೊದಲು ನೋಡುತ್ತಾರೆ. ನಾವೂ ಹಾಗೆಯೇ ಮಾಡಿ ಒಂದು ವರ್ಷ ಕಳೆದುಕೊಂಡೆವು.

ಮೊದಲು ಅಳತೆ, ಆಮೇಲೆ ಆಯ್ಕೆ

ನಮ್ಮಲ್ಲಿ ಪ್ರತಿ ಅಂಗಡಿಗೂ ಒಂದು ಪುಟವಿದ್ದ, ಖಾಲಿಗಳ ಲೆಕ್ಕದ ಪುಸ್ತಕವಿತ್ತು. ಕೊಟ್ಟ ತುಂಬಿದ ಕ್ರೇಟುಗಳು ಒಂದು ಸಾಲಿನಲ್ಲಿ, ತಂದ ಖಾಲಿಗಳು ಇನ್ನೊಂದರಲ್ಲಿ, ಉಳಿದ ಬಾಕಿ ಮೂರನೆಯದರಲ್ಲಿ ಇರುತ್ತಿತ್ತು. ಈ ಪುಸ್ತಕ ಹಣದ ಜಗಳ ತಪ್ಪಿಸುತ್ತದೆ, ಆದರೆ ನಷ್ಟವನ್ನು ಹೇಳುವುದಿಲ್ಲ. ಬಾಕಿ 30 ಎಂದು ಬರೆದಿದ್ದರೆ, ಆ ಮೂವತ್ತರಲ್ಲಿ ಎಷ್ಟು ಇನ್ನೂ ಮಾರಾಟವಾಗದೆ ನಿಂತಿವೆ, ಎಷ್ಟು ಖಾಲಿಯಾಗಿ ಅಂಗಡಿಯ ಹಿಂದೆ ಬಿದ್ದಿವೆ, ಎಷ್ಟು ಊರು ಬಿಟ್ಟೇ ಹೋಗಿವೆ ಎಂಬುದು ಅದರಿಂದ ತಿಳಿಯದು. ಗಾಡಿಯವರು ಒಂದು ಅಂಗಡಿಯ ಖಾಲಿಯನ್ನು ಇನ್ನೊಂದರ ಲೆಕ್ಕಕ್ಕೆ ಬರೆದುಬಿಟ್ಟರೆ ಒಂದು ಕಡೆ ಬಾಕಿ ಬೆಳೆಯುತ್ತದೆ, ಇನ್ನೊಂದು ಕಡೆ ಕೊಟ್ಟದ್ದಕ್ಕಿಂತ ಹೆಚ್ಚು ಮರಳಿದಂತೆ ಕಾಣುತ್ತದೆ. ಬಾಕಿ ಸೊನ್ನೆಗಿಂತ ಕೆಳಗಿಳಿದ ಅಂಗಡಿಗಳು ಪುಸ್ತಕದಲ್ಲಿ ಕಾಣಿಸಿದರೆ ಎಣಿಕೆ ತಪ್ಪುತ್ತಿದೆ ಎಂದೇ ಅರ್ಥ.

ಆದ್ದರಿಂದ ನಾವು ಗುರುತು ಹಾಕಿದ ಕ್ರೇಟುಗಳನ್ನು ಬಿಟ್ಟು ನೋಡಿದೆವು. ಒಂದು ಸೋಮವಾರ 200 ಕ್ರೇಟುಗಳ ಅಗಲದ ಬದಿಯಲ್ಲಿ, ಹಿಡಿಕೆಯ ಕೆಳಗೆ, ಒಂದು ಅಂಗುಲ ಅಗಲದ ಹಳದಿ ಎನಾಮೆಲ್ ಪಟ್ಟಿ ಬಳಿದೆವು. ಪ್ಲಾಸ್ಟಿಕ್ ಮೇಲೆ ಬಣ್ಣ ನಿಲ್ಲಬೇಕಾದರೆ ಮೊದಲು ಆ ಜಾಗವನ್ನು ಉಪ್ಪುಕಾಗದದಿಂದ ಉಜ್ಜಬೇಕು. ಉಜ್ಜದೆ ಬಳಿದ ಮೊದಲ ಹತ್ತು ಕ್ರೇಟುಗಳ ಬಣ್ಣ ಒಂದೇ ತೊಳೆತಕ್ಕೆ ಸುಲಿದು ಬಂದದ್ದರಿಂದ ಅವುಗಳನ್ನು ಮತ್ತೆ ಬಳಿಯಬೇಕಾಯಿತು. ಆ 200 ಕ್ರೇಟುಗಳನ್ನು ಕೋಲಾರ ಪಟ್ಟಣ, ಬಂಗಾರಪೇಟೆ, ಮುಳಬಾಗಿಲು, ಶ್ರೀನಿವಾಸಪುರ ಮತ್ತು ಚಿಂತಾಮಣಿ ಲೈನುಗಳಿಗೆ ಅವುಗಳ ಮಾರಾಟದ ಪ್ರಮಾಣದಲ್ಲಿಯೇ ಹಂಚಿ ಕಳುಹಿಸಿ, ಖಾಲಿ ಇಳಿಸುವ ಕಟ್ಟೆಯ ಮೇಲೆ ಒಂದು ಹಲಗೆ ತೂಗುಹಾಕಿ, ಹಳದಿ ಪಟ್ಟಿ ಮೊದಲ ಸಲ ಮರಳಿದ ದಿನ ಗೀಟು ಎಳೆಯುವಂತೆ ಹೇಳಿದೆವು.

ಏಳನೆಯ ದಿನಕ್ಕೆ 61 ಬಂದವು. ಹದಿನಾಲ್ಕನೆಯ ದಿನಕ್ಕೆ 139, ಇಪ್ಪತ್ತೊಂದಕ್ಕೆ 170, ಇಪ್ಪತ್ತೆಂಟಕ್ಕೆ 182. ಆಮೇಲೆ ಬಂದವು ಒಂದೊಂದಾಗಿ: ಆರು ವಾರಕ್ಕೆ 189, ಎಂಟು ವಾರಕ್ಕೆ 191. ಮರಳಿದವುಗಳ ಸರಾಸರಿ ತೆಗೆದಾಗ ಒಂದು ಸುತ್ತಿಗೆ ಸುಮಾರು 12 ದಿನ ಬಂತು. ಮರಳದ ಒಂಬತ್ತನ್ನು ಹುಡುಕಿಕೊಂಡು ಹೋದಾಗ ನಾಲ್ಕು ಸಿಕ್ಕವು. ಅವುಗಳಲ್ಲಿ ಎರಡರ ಮೇಲೆ ಹಲಗೆ ಹಾಕಿ ಒಂದು ಟೀ ಅಂಗಡಿಯವರು ಗಿರಾಕಿಗಳಿಗೆ ಕೂರುವ ವ್ಯವಸ್ಥೆ ಮಾಡಿದ್ದರು. ಉಳಿದ ಐದು ಹೋದಂತೆಯೇ. ಎಂದರೆ ಪ್ರತಿ ಸುತ್ತಿಗೆ ಶೇ 2.5 ನಿಜವಾದ ನಷ್ಟ. ಇದನ್ನು ತಿರುಗಿಸಿ ನೋಡಿದರೆ ಒಂದು ಕ್ರೇಟು ಕಳೆದುಹೋಗುವ ಮುನ್ನ ಸರಾಸರಿ 40 ಸುತ್ತು ಹಾಕುತ್ತದೆ. ಜೊತೆಗೆ, ಮರಳಿದ ಕ್ರೇಟುಗಳೊಳಗಿನ ಬಾಟಲಿಗಳನ್ನು ಎಣಿಸಿದಾಗ ಕಾಣೆಯಾದವು ಮತ್ತು ಬಾಯಿ ಚಕ್ಕೆ ಎದ್ದವು ಸೇರಿ ಇನ್ನೂ ಶೇ 3 ಕಡಿಮೆಯಿದ್ದವು.

ಪ್ರತಿ ಕ್ರೇಟಿಗೂ ಬಾರ್‌ಕೋಡ್ ಅಂಟಿಸಬೇಕೆಂದು ನಮಗೆ ಸಲಹೆ ಕೊಟ್ಟವರಿದ್ದಾರೆ. ಬಾರ್‌ಕೋಡ್ ಯಾವ ಕ್ರೇಟು ಯಾರ ಬಳಿ ಇದೆ ಎಂದು ಹೇಳುತ್ತದೆ ನಿಜ, ಆದರೆ ಪ್ರತಿ ಇಳಿಸುವಿಕೆಯಲ್ಲೂ ಪ್ರತಿ ಏರಿಸುವಿಕೆಯಲ್ಲೂ ಯಾರಾದರೂ ಅದನ್ನು ಓದಿಸಬೇಕು. ಹಗ್ಗ ಬಿಗಿದ ಗೂಡ್ಸ್ ಆಟೊದಲ್ಲಿ ಐದು ಸಾಲು ಎತ್ತರಕ್ಕೆ ಪೇರಿಸಿದ ಕ್ರೇಟುಗಳ ಒಳಸಾಲನ್ನು ಯಾರೂ ಓದಿಸುವುದಿಲ್ಲ. ರೇಡಿಯೊ ಟ್ಯಾಗುಗಳು ದೂರದಿಂದಲೇ ಓದಿಸಿಕೊಳ್ಳುತ್ತವೆಯಾದರೂ ದ್ರವ ತುಂಬಿದ ಬಾಟಲಿಗಳ ನಡುವೆ ಆ ಅಲೆಗಳು ಹೀರಿಹೋಗುವುದರಿಂದ ಖಾಲಿ ಕ್ರೇಟನ್ನು ಓದುವಷ್ಟು ಚೆನ್ನಾಗಿ ತುಂಬಿದ ಕ್ರೇಟನ್ನು ಓದುವುದಿಲ್ಲ. ಎರಡು ಮೂರು ಸಾವಿರ ಕ್ರೇಟುಗಳ ಘಟಕಕ್ಕೆ ವರ್ಷಕ್ಕೆ ಎರಡು ಸಲ, ಬೇಸಿಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ, ಬೇರೆ ಬೇರೆ ಬಣ್ಣದ ಪಟ್ಟಿ ಬಳಿದು ಬಿಡುವುದೇ ಸಾಕು ಎಂಬುದು ನನ್ನ ಅಭಿಪ್ರಾಯ.

ಸ್ವಂತ ಕ್ರೇಟು ಮತ್ತು ಪೆಟ್ ಬಾಟಲಿ: ಲೆಕ್ಕ ಹಾಕಿ ನೋಡಿದಾಗ

ದಿನಕ್ಕೆ 200 ಕ್ರೇಟು ಮಾರಾಟ, 12 ದಿನದ ಸುತ್ತು ಎಂದರೆ 2,400 ಕ್ರೇಟುಗಳು ಯಾವಾಗಲೂ ದಾರಿಯಲ್ಲೋ ಅಂಗಡಿಯಲ್ಲೋ ಇರುತ್ತವೆ. ತೊಳೆಯುವ ಸರದಿಗೆ, ದುರಸ್ತಿಗೆ, ಹಬ್ಬದ ವಾರದ ಏರುಪೇರಿಗೆ ಇನ್ನೂ 500 ಬೇಕು. ಹೀಗೆ 2,900 ಕ್ರೇಟುಗಳ ಬಂಡವಾಳ. ಕೆಳಗಿನ ದರಗಳು ನಮ್ಮ ಲೆಕ್ಕಕ್ಕೆ ಇಟ್ಟುಕೊಂಡವು. ನಿಮ್ಮ ದರಗಳನ್ನು ಅದೇ ಜಾಗದಲ್ಲಿ ಹಾಕಿಕೊಳ್ಳಬಹುದು.

24 ಗೂಡಿನ ಕ್ರೇಟಿಗೆ 260 ರೂಪಾಯಿ, ಬಾಟಲಿಗೆ 8 ರೂಪಾಯಿಯಂತೆ 24ಕ್ಕೆ 192, ಒಟ್ಟು 452 ರೂಪಾಯಿ. ಪ್ರತಿ ಸುತ್ತಿಗೆ ಕ್ರೇಟಿನ ನಷ್ಟ ಶೇ 2.5ರಂತೆ 6.50 ರೂಪಾಯಿ. ಕಳೆದ ಕ್ರೇಟಿನೊಂದಿಗೆ ಹೋದವು ಮತ್ತು ಬಿಡಿಯಾಗಿ ಹೋದವು ಸೇರಿ ಬಾಟಲಿ ನಷ್ಟ ಶೇ 5.5ರಂತೆ 10.56 ರೂಪಾಯಿ. ಬಾಟಲಿ ತೊಳೆಯಲು ತಲಾ 60 ಪೈಸೆಯಂತೆ 14.40, ಕ್ರೇಟು ತೊಳೆಯಲು 1.50, ಖಾಲಿ ಏರಿಸಿ ಇಳಿಸಿ ಬೇರ್ಪಡಿಸಲು 3 ರೂಪಾಯಿ. ಬಂಡವಾಳದ ಮೇಲೆ ವರ್ಷಕ್ಕೆ ಶೇ 12 ಬಡ್ಡಿ ಹಾಕಿದರೆ ಒಂದು ಸುತ್ತಿಗೆ 2.15. ಎಲ್ಲ ಕೂಡಿದರೆ ಕ್ರೇಟಿಗೆ ಸುಮಾರು 38 ರೂಪಾಯಿ. ಅದೇ 24 ಪೆಟ್ ಬಾಟಲಿಗಳಿಗೆ ಊದಿ ಬಾಟಲಿ ಮಾಡುವ ಪ್ರಿಫಾರ್ಮ್, ಮುಚ್ಚಳ, ಲೇಬಲ್, ಹೊರಸುತ್ತಿನ ಪ್ಲಾಸ್ಟಿಕ್ ಹಾಳೆ ಸೇರಿ 63 ರೂಪಾಯಿ ಬಂತು.

ಈ ಅಂತರ ದೊಡ್ಡದಾಗಿ ಕಂಡರೂ ಅದು ನಷ್ಟದ ಪ್ರಮಾಣದ ಮೇಲೆ ನಿಂತಿದೆ. ತೊಳೆಯುವುದು, ಏರಿಸಿ ಇಳಿಸುವುದು ಮತ್ತು ಬಡ್ಡಿ ಸೇರಿ 21 ರೂಪಾಯಿ ಹೇಗಿದ್ದರೂ ಖರ್ಚಾಗುತ್ತದೆ. ಪೆಟ್ ಬಾಟಲಿಯ 63ರಲ್ಲಿ ಉಳಿದ 42 ರೂಪಾಯಿಯನ್ನು 452ರಲ್ಲಿ ಕಳೆದುಕೊಂಡರೆ, ಎಂದರೆ ಪ್ರತಿ ಸುತ್ತಿನಲ್ಲೂ ಕ್ರೇಟು ಮತ್ತು ಬಾಟಲಿಗಳ ಒಟ್ಟು ಬೆಲೆಯ ಶೇ 9ಕ್ಕಿಂತ ಸ್ವಲ್ಪ ಹೆಚ್ಚು ಕೈಬಿಟ್ಟು ಹೋದರೆ, ಗಾಜು ಮತ್ತು ಪೆಟ್ ಸಮವಾಗುತ್ತವೆ. ನಮ್ಮ ಒಟ್ಟು ನಷ್ಟ ಶೇ 4ರೊಳಗೇ ಇತ್ತು. ಆದರೆ ಲೈನುಗಳನ್ನು ಬಿಡಿಬಿಡಿಯಾಗಿ ನೋಡಿದಾಗ ಚಿತ್ರ ಬೇರೆಯಾಯಿತು: ಹೆದ್ದಾರಿ ಬದಿಯ ಡಾಬಾ ಮತ್ತು ಜಾತ್ರೆಯ ತಾತ್ಕಾಲಿಕ ಅಂಗಡಿಗಳಲ್ಲಿ ನಷ್ಟ ಶೇ 9ನ್ನು ದಾಟುತ್ತಿತ್ತು, ಏಕೆಂದರೆ ಗಿರಾಕಿ ಬಾಟಲಿಯನ್ನು ಕಾರಿನಲ್ಲೇ ಇಟ್ಟುಕೊಂಡು ಹೋಗುತ್ತಾನೆ. ಒಂದೇ ಘಟಕಕ್ಕೆ ಒಂದೇ ಉತ್ತರ ಇರಬೇಕೆಂದಿಲ್ಲ. ನಾವು ಆ ಅಂಗಡಿಗಳಿಗೆ ಮಾತ್ರ ಪೆಟ್ ಕೊಡತೊಡಗಿದೆವು. ಅಲ್ಲಿಯೂ ಒಂದು ಮಿತಿಯಿದೆ: ಪೆಟ್ ಬಾಟಲಿಯ ಗೋಡೆಯ ಮೂಲಕ ಗ್ಯಾಸು ನಿಧಾನವಾಗಿ ಸೋರುತ್ತದೆ, ಮತ್ತು ಬಾಟಲಿ ಚಿಕ್ಕದಾದಷ್ಟೂ ಒಳಗಿನ ದ್ರವಕ್ಕೆ ಹೋಲಿಸಿದರೆ ಗೋಡೆಯ ವಿಸ್ತೀರ್ಣ ಹೆಚ್ಚಾಗುವುದರಿಂದ 200 ಮಿಲಿಲೀಟರಿನದು ಎರಡು ಲೀಟರಿನದಕ್ಕಿಂತ ಬೇಗ ಚಪ್ಪೆಯಾಗುತ್ತದೆ. ಬೇಗ ಖಾಲಿಯಾಗುವ ಜಾತ್ರೆಯ ಅಂಗಡಿಗೆ ಇದು ತೊಡಕಲ್ಲ. ತಿಂಗಳುಗಟ್ಟಲೆ ಬಿಸಿಲಿಗೆ ಇಡುವ ಹಳ್ಳಿಯ ಅಂಗಡಿಗೆ ತೊಡಕೇ.

ಕೋಲಾರಕ್ಕೆ ವಿಶೇಷವಾದ ಇನ್ನೊಂದು ಸೋರಿಕೆಯುಂಟು. ಎಪಿಎಂಸಿಯ ಟೊಮೆಟೊ ಮಾರುಕಟ್ಟೆ ನಡೆಯುವುದೇ 15 ಕೆ.ಜಿ. ಕ್ರೇಟುಗಳ ಮೇಲೆ, ಆದ್ದರಿಂದ ಸುಗ್ಗಿಯಲ್ಲಿ ಈ ಭಾಗದಲ್ಲಿ ಯಾವುದೇ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಗೆ ಕೆಲಸವಿರುತ್ತದೆ. ಒಳಗೆ ಗೂಡುಗಳಿಲ್ಲದ ಸಾದಾ ಕ್ರೇಟಿನಲ್ಲಿ ಬಾಟಲಿ ಸಾಗಿಸುವವರು ತಮ್ಮ ಕ್ರೇಟನ್ನು ತೋಟದಲ್ಲಿ ಹುಡುಕಬೇಕಾಗುತ್ತದೆ. 24 ಗೂಡಿನ ಕ್ರೇಟಿಗೆ ಬೆಲೆ ಹೆಚ್ಚಾದರೂ ಆ ಗೂಡುಗಳೇ ಅದನ್ನು ಕಾಯುತ್ತವೆ. ಗೂಡಿನ ಗೋಡೆಗಳನ್ನು ಕತ್ತಿಯಿಂದ ಕೊಯ್ದು ತೆಗೆದ ಒಂದೆರಡನ್ನು ನಾನು ಕಂಡಿದ್ದೇನೆಂಬುದು ಬೇರೆ ಮಾತು.

ಅಂಗಡಿಯವರು ಕ್ರೇಟಿಗೆ ಕಟ್ಟುವ ಡೆಪಾಸಿಟ್ ಎಷ್ಟಿರಬೇಕೆಂಬುದನ್ನೂ ಇದೇ ನಿರ್ಧರಿಸುತ್ತದೆ. ಡೆಪಾಸಿಟ್ಟು ಹೊಸ ಕ್ರೇಟಿನ ಬೆಲೆಯಷ್ಟೇ ಇರಬೇಕಿಲ್ಲ, ಆದರೆ ಆ ಕ್ರೇಟು ಹೊರಗೆ ಬೇರೆ ಕೆಲಸಕ್ಕೆ ಬಂದಾಗ ಅದಕ್ಕೆ ಸಿಗುವ ಬೆಲೆಗಿಂತ ಮೇಲಿರಬೇಕು. ಗುಜರಿಯವರು ಕೊಡುವ ಬೆಲೆಯನ್ನಷ್ಟೇ ನೋಡಿ 100 ರೂಪಾಯಿ ಇಟ್ಟ ನಾವು ಸುಗ್ಗಿಯಲ್ಲಿ ಸೋತೆವು. 200ಕ್ಕೆ ಏರಿಸಿದ ಮೇಲೆ ಸೋರಿಕೆ ತಗ್ಗಿತು. ಏರಿಸುವ ವಿಷಯ ಒಂದು ವಾರ ಮೊದಲೇ ಬಾಯಿಬಿಟ್ಟದ್ದು ಮಾತ್ರ ನಮ್ಮ ತಪ್ಪು. 100 ಕೊಟ್ಟು ಒಯ್ದ ಖಾಲಿಯನ್ನು ವಾರ ಬಿಟ್ಟು 200ಕ್ಕೆ ಮರಳಿಸಬಹುದೆಂದು ತಿಳಿದ ಅಂಗಡಿಗಳಲ್ಲಿ, ಗಾಡಿಯವರಿಗೆ "ಖಾಲಿ ಇನ್ನೂ ಆಗಿಲ್ಲ ಅಣ್ಣ, ಮುಂದಿನ ಸಲ ನೋಡೋಣ" ಎಂಬ ಒಂದೇ ಮಾತು ಸಿಕ್ಕಿತು. ಎಲ್ಲ ಅಂಗಡಿಗಳ ಖಾಲಿಯನ್ನು ಎಣಿಸಿ ಸಹಿ ಹಾಕಿಸಿಕೊಂಡ ದಿನವೇ ಹೊಸ ದರ ಹೇಳಬೇಕು. ಕೈಯಲ್ಲಿರುವ ಡೆಪಾಸಿಟ್ಟು ಆದಾಯವಲ್ಲ, ಸಾಲ. ಅದನ್ನು ಖರ್ಚಿಗೆ ತೆಗೆದರೆ ಮಳೆಗಾಲದಲ್ಲಿ ಮಾರಾಟ ಇಳಿದು ಖಾಲಿಗಳೆಲ್ಲ ಒಟ್ಟಿಗೆ ಮರಳಿದಾಗ ಕೊಡಲು ಹಣವಿರುವುದಿಲ್ಲ.

ಬಾಡಿಗೆಯ ಕ್ರೇಟು

ಬಾಡಿಗೆ ಸಾಮಾನ್ಯವಾಗಿ ಎರಡು ಬಗೆ: ದಿನದ ಲೆಕ್ಕ ಮತ್ತು ಸುತ್ತಿನ ಲೆಕ್ಕ. ದಿನಕ್ಕೆ 60 ಪೈಸೆ, ಕೊಡುವಾಗ ತೊಳೆದು ಕೊಡಲು 4 ರೂಪಾಯಿ ಎಂದಿಟ್ಟುಕೊಂಡರೆ 12 ದಿನದ ಸುತ್ತಿಗೆ 11.20 ರೂಪಾಯಿ. ಬಾಟಲಿ ಬಿಟ್ಟು ಸ್ವಂತ ಕ್ರೇಟಿನದಷ್ಟೇ ನಷ್ಟ, ತೊಳೆತ, ಬಡ್ಡಿ ಮೂರೂ ಸೇರಿ ಸುಮಾರು 9.25 ಆಗುವುದರಿಂದ ಎರಡೂ ಹತ್ತಿರ ಹತ್ತಿರವೆಂದು ಕಾಣುತ್ತದೆ. ಆದರೆ ಕಳೆದ ಕ್ರೇಟಿನ ಪೂರ್ತಿ ಬೆಲೆಯನ್ನು ಬಾಡಿಗೆದಾರನೇ ಕಟ್ಟಬೇಕೆಂಬ ಷರತ್ತು ಕರಾರಿನಲ್ಲಿ ಇದ್ದೇ ಇರುತ್ತದೆ. ಆ 6.50 ಸೇರಿದರೆ 17.70. ಬಾಡಿಗೆಯಿಂದ ಬಂಡವಾಳ ಮತ್ತು ತೊಳೆತದ ಹೊರೆ ಇಳಿಯುತ್ತದೆ, ನಷ್ಟದ ಹೊರೆ ಇಳಿಯುವುದಿಲ್ಲ. ದಿನದ ಲೆಕ್ಕದಲ್ಲಿ ಅಂಗಡಿಯ ಪ್ರತಿಯೊಂದು ಉದಾಸೀನವೂ ನಿಮ್ಮ ಬಿಲ್ಲಿಗೆ ಬರುತ್ತದೆ. ಸುತ್ತಿನ ಲೆಕ್ಕದಲ್ಲಿ ಇಷ್ಟು ದಿನದೊಳಗೆ ಮರಳದಿದ್ದರೆ ದಂಡವೆಂಬ ಸಾಲನ್ನು ಹುಡುಕಿ ಓದಬೇಕು.

ಹಾಗಾದರೆ ಬಾಡಿಗೆ ಯಾರಿಗೆ? ಸರಕು ಒಂದೇ ದಿಕ್ಕಿಗೆ ದೂರ ಹೋಗುವಾಗ, ಗಾಡಿ ಖಾಲಿ ಹೊತ್ತು ತರಲಾಗದಾಗ, ಮತ್ತು ಬಾಡಿಗೆ ಕೊಡುವವರಿಗೆ ಆ ತುದಿಯಲ್ಲೂ ಒಂದು ಅಂಗಳವಿದ್ದು ಖಾಲಿ ಕ್ರೇಟನ್ನು ಅಲ್ಲೇ ಒಪ್ಪಿಸಬಹುದಾದಾಗ ಅದು ಸರಿಯಾದ ಆಯ್ಕೆ. ಪೆಟ್ ಬಾಟಲಿ ಅಥವಾ ಪೊಟ್ಟಣದ ಹಾಲು, ಮಜ್ಜಿಗೆಗೆ ಇದು ಹೊಂದುತ್ತದೆ. ಗಾಜಿನ ಬಾಟಲಿ ಮಾತ್ರ ಹೇಗಿದ್ದರೂ ನಮ್ಮಲ್ಲಿಗೇ ಮರಳಬೇಕು, ಕ್ರೇಟಿಲ್ಲದೆ ಮರಳಲಾಗದು. ಬಾಟಲಿ ಸ್ವಂತದ್ದು, ಕ್ರೇಟು ಬಾಡಿಗೆಯದು ಎಂಬ ಜೋಡಿ ನನಗೆ ಎಂದೂ ಅರ್ಥವಾಗಲಿಲ್ಲ.

ಸಾಮೂಹಿಕ ಬಾಟಲಿ

ಜರ್ಮನಿಯ ಖನಿಜ ನೀರಿನ ಘಟಕಗಳು 1969ರಲ್ಲಿ ಗುಂಟರ್ ಕುಪೆಟ್ಸ್ ವಿನ್ಯಾಸಗೊಳಿಸಿದ 0.7 ಲೀಟರಿನ ಒಂದೇ ಬಾಟಲಿಯನ್ನು ತಮ್ಮ ಸಹಕಾರ ಸಂಘದ ಮೂಲಕ ಹಂಚಿಕೊಂಡವು. ಯಾರ ಖಾಲಿ ಯಾರಿಗೆ ಬಂದರೂ ಹೊರಗಿನ ಲೇಬಲ್ ಬದಲಿಸಿ ತುಂಬಬಹುದು. ಬೇರ್ಪಡಿಸುವ ಕೂಲಿ ಉಳಿಯುತ್ತದೆ, ಪರರ ಬಾಟಲಿಯನ್ನು ವಾಪಸು ಸಾಗಿಸುವ ಖರ್ಚು ಉಳಿಯುತ್ತದೆ. ಕೋಲಾರ, ಚಿಂತಾಮಣಿ, ಮುಳಬಾಗಿಲುಗಳ ಮೂರು ಘಟಕಗಳು ಒಂದೇ ಅಚ್ಚಿನ ಬಾಟಲಿಗೆ ಒಪ್ಪಿದರೆ ಇಲ್ಲಿಯೂ ಲೆಕ್ಕ ಕೂಡುತ್ತದೆ. ಆದರೆ ಹೊಸ ಬಾಟಲಿ ಕೊಳ್ಳುವವರು ಯಾರು ಎಂಬಲ್ಲಿ ಸಾಮೂಹಿಕ ವ್ಯವಸ್ಥೆಗಳು ಮುರಿಯುತ್ತವೆ. ಒಬ್ಬರು ಹೊಸದು ಸೇರಿಸುತ್ತಾರೆ, ಇನ್ನೊಬ್ಬರು ಅದನ್ನೇ ತುಂಬಿ ತಮ್ಮಲ್ಲಿದ್ದ ಹಳೆಯ, ಭುಜದ ಸುತ್ತ ಬಿಳಿಯ ಉಜ್ಜಿದ ಉಂಗುರ ಬಿದ್ದ ಬಾಟಲಿಗಳನ್ನು ಅಂಗಡಿಗಳಿಗೆ ದಾಟಿಸುತ್ತಾರೆ. ಇದಕ್ಕೆ ಎರಡು ನಿಯಮಗಳು ಮೊದಲೇ ಬೇಕು: ತುಂಬಿದ ಪ್ರತಿ ಕ್ರೇಟಿಗೂ ಇಷ್ಟೆಂದು ಹೊಸ ಬಾಟಲಿಯ ನಿಧಿಗೆ ಕಟ್ಟುವುದು, ಮತ್ತು ಉಂಗುರ ಇಷ್ಟು ಅಗಲ ದಾಟಿದ ಬಾಟಲಿಯನ್ನು ಯಾರ ಕೈಗೆ ಬಂದರೂ ಅವರೇ ಒಡೆದು ಗಾಜಿನ ಗುಜರಿಗೆ ಹಾಕುವುದು. ಉಜ್ಜಿದ ಗಾಜು ಬಲ ಕಳೆದುಕೊಂಡಿರುತ್ತದೆ, ಅದಕ್ಕೆ ಗ್ಯಾಸಿನ ಒತ್ತಡ ಹಾಕುವುದು ಅಪಾಯ.

ತೊಳೆತ: ಸ್ವಂತ ವ್ಯವಸ್ಥೆಯ ನಿಜವಾದ ಪರೀಕ್ಷೆ

ಸ್ವಂತ ಕ್ರೇಟು ಎಂದೊಡನೆ ತೊಳೆತವೂ ಸ್ವಂತದ್ದಾಗುತ್ತದೆ, ಮತ್ತು ಈ ಮೂರೂ ಊರುಗಳಲ್ಲಿ ಕೊಳವೆಬಾವಿಯ ಗಡಸು ನೀರು ಅದನ್ನು ಕಠಿಣಗೊಳಿಸುತ್ತದೆ. ಬಾಟಲಿಯನ್ನು ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಶೇ 2ರಿಂದ 3ರ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ 60ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕನಿಷ್ಠ 5 ನಿಮಿಷ ನೆನೆಸಿ, ಆಮೇಲೆ ಹಂತಹಂತವಾಗಿ ತಂಪಿನ ನೀರಿನಲ್ಲಿ ಜಾಲಿಸಬೇಕು. ಹಂತಗಳನ್ನು ಬಿಟ್ಟು ಬಿಸಿ ಬಾಟಲಿಗೆ ನೇರವಾಗಿ ತಣ್ಣೀರು ಬಿಟ್ಟರೆ ಬುಡ ಕಳಚಿಕೊಳ್ಳುತ್ತದೆ; ಗಾಜು ಬಿಸಿಯಾಗುವಾಗ ತಾಳಿಕೊಳ್ಳುವಷ್ಟು ತಣಿಯುವಾಗ ತಾಳಿಕೊಳ್ಳುವುದಿಲ್ಲ.

ಕಾಸ್ಟಿಕ್‌ನ ಬಲ ದಿನವಿಡೀ ಒಂದೇ ಸಮನೆ ಇರುವುದಿಲ್ಲ, ಒದ್ದೆ ಬಾಟಲಿಗಳು ತರುವ ನೀರು ಅದನ್ನು ತೆಳುವಾಗಿಸುತ್ತದೆ. ತೊಟ್ಟಿಯಿಂದ 10 ಮಿಲಿಲೀಟರ್ ತೆಗೆದು, ಕಾಸ್ಟಿಕ್ ಇದ್ದರೆ ಗುಲಾಬಿಯಾಗುವ ಫಿನಾಲ್ಫ್ತಲೀನ್ ಎರಡು ಹನಿ ಹಾಕಿ, 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲವನ್ನು ಗುಲಾಬಿ ಬಣ್ಣ ಹೋಗುವವರೆಗೆ ಹನಿಸಿದರೆ, ಖರ್ಚಾದ ಪ್ರತಿ ಮಿಲಿಲೀಟರ್ ಆಮ್ಲಕ್ಕೆ ಶೇ 0.4 ಕಾಸ್ಟಿಕ್. 6 ಮಿಲಿಲೀಟರ್ ಹಿಡಿದರೆ ಶೇ 2.4, ಸರಿಯಾಗಿದೆ, 4 ಹಿಡಿದರೆ ಶೇ 1.6, ಕಾಸ್ಟಿಕ್ ಸೇರಿಸಬೇಕು. ಹಳೆಯ ದ್ರಾವಣ ಗಾಳಿಯ ಇಂಗಾಲಾಮ್ಲವನ್ನು ಹೀರಿ ಭಾಗಶಃ ಕಾರ್ಬೊನೇಟಾಗಿರುವುದರಿಂದ ಈ ಪರೀಕ್ಷೆ ಸ್ವಲ್ಪ ಹೆಚ್ಚೇ ತೋರಿಸುತ್ತದೆ ಎಂಬುದನ್ನು ನೆನಪಿಡಬೇಕು. ಕೊನೆಯ ಜಾಲಿಕೆ ಮುಗಿದ ಬಾಟಲಿಯ ತಳದಲ್ಲಿ ಉಳಿದ ನೀರಿಗೂ ಅದೇ ಫಿನಾಲ್ಫ್ತಲೀನ್ ಒಂದು ಹನಿ ಬಿಡಬೇಕು; ಗುಲಾಬಿಯಾದರೆ ಕಾಸ್ಟಿಕ್ ಉಳಿದಿದೆ, ಆ ಸಾಲಿನ ಬಾಟಲಿಗಳನ್ನು ತುಂಬಬಾರದು.

ನಮ್ಮಲ್ಲಿ ಒಂದು ಬೇಸಿಗೆ ಬಾಟಲಿಗಳೆಲ್ಲ ಒಣಗಿದ ಮೇಲೆ ಮಂಜು ಕವಿದಂತೆ ಬೆಳ್ಳಗಾಗತೊಡಗಿದವು. ಕಾಸ್ಟಿಕ್ ಉಳಿದಿದೆಯೆಂದು ಜಾಲಿಸುವ ನೀರನ್ನು ಹೆಚ್ಚಿಸಿದೆವು, ಮಂಜು ಇನ್ನೂ ಹೆಚ್ಚಾಯಿತು. ಫಿನಾಲ್ಫ್ತಲೀನ್‌ಗೆ ಬಣ್ಣ ಬರಲಿಲ್ಲ. ಬಾಟಲಿಗೆ ನಾಲ್ಕು ಹನಿ ವಿನಿಗರ್ ಹಾಕಿ ಅಲುಗಿಸಿದಾಗ ಮಂಜು ಕರಗಿತು. ಕಾಸ್ಟಿಕ್ ಹತ್ತಿದ ಬಾಟಲಿಗೆ ಗಡಸು ನೀರು ತಾಗಿದಲ್ಲಿ ಸುಣ್ಣದಂಶ ಗಾಜಿನ ಮೇಲೆ ಕೂರುತ್ತಿತ್ತು. ಜಾಲಿಸುವ ನಳಿಕೆಗಳ ತೂತುಗಳೂ ಅದರಿಂದಲೇ ಅರ್ಧ ಕಟ್ಟಿಕೊಂಡಿದ್ದವು. ಜಾಲಿಸುವ ನೀರಿಗೆ ಮಾತ್ರ ಮೃದುಕಾರಿ ಯಂತ್ರ ಹಾಕಿದ ಮೇಲೆ ಸರಿಯಾಯಿತು. ಮೇಲೆ ಹಾಕಿದ 60 ಪೈಸೆಯಲ್ಲಿ ಆ ಯಂತ್ರಕ್ಕೆ ಹಾಕುವ ಉಪ್ಪಿನ ಖರ್ಚೂ ಸೇರಿದೆ. ಗೋಲಿ ಸೋಡಾದ ಬಾಟಲಿ ತುಂಬುವವರಿಗೆ ಈ 60 ಪೈಸೆ ಸಾಲದು. ಕತ್ತಿನ ಗೂಡಿನಲ್ಲಿ ಬ್ರಷ್ ತಲುಪುವುದಿಲ್ಲ, ಬಾಯಿಯ ರಬ್ಬರ್ ಉಂಗುರವನ್ನು ಬಿಸಿ ಕಾಸ್ಟಿಕ್ ತಿನ್ನುತ್ತದೆ.

ಕ್ರೇಟನ್ನು ಪ್ರತಿ ಸುತ್ತಿಗೂ ತೊಳೆಯಬೇಕೆಂಬುದು ಒಳ್ಳೆಯ ನಿಯಮವಾದರೂ ಚಿಕ್ಕ ಘಟಕದಲ್ಲಿ ಉಳಿಯುವುದಿಲ್ಲ. ಸಕ್ಕರೆ ಪಾನೀಯ ಚೆಲ್ಲಿ ಅಂಟಾದವನ್ನು, ಇರುವೆ ಅಥವಾ ಜಿರಲೆ ಕಂಡವನ್ನು ಆಯ್ದು ತೊಳೆದು, ಉಳಿದವನ್ನು ಮೂರನೆಯ ಸುತ್ತಿಗೊಮ್ಮೆ ತೊಳೆಯುವುದು ನಾವು ಪಾಲಿಸಲು ಸಾಧ್ಯವಾದ ಕ್ರಮ. ಕ್ರೇಟಿಗೆ ಬಾಟಲಿಯಷ್ಟು ಬಿಸಿ ನೀರು ಬೇಡ. 60 ಡಿಗ್ರಿ ಮೀರಿದ ನೀರಿನಿಂದ ತೆಗೆದು ಬಿಸಿಯಿರುವಾಗಲೇ ಪೇರಿಸಿದರೆ ಗೂಡುಗಳು ಬಾಗುತ್ತವೆ, ಆಮೇಲೆ ಅವುಗಳಲ್ಲಿ ಬಾಟಲಿ ಕೂರದು. ತೊಳೆದು ಬಂದಾಗ ಹಿಡಿಕೆಯ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು ರೂಢಿಯಾಗಬೇಕು: ಬಿಸಿಲು ತಿಂದ ಪ್ಲಾಸ್ಟಿಕ್ಕು ಅಲ್ಲಿ ಮೊದಲು ಬೆಳ್ಳಗಾಗಿ ಬಿರುಕು ಬಿಡುತ್ತದೆ. ಅಂಥದನ್ನು ಒಂದೆಡೆ ಎತ್ತಿಟ್ಟು, ಕಳೆದ ಕ್ರೇಟುಗಳ ಸಾಲಿಗೆ ಸೇರಿಸದೆ, ಸವೆದವೆಂಬ ಬೇರೆ ಸಾಲಿನಲ್ಲಿ ಬರೆಯಬೇಕು. ಎರಡನ್ನೂ ಒಂದೇ ಸಾಲಿಗೆ ಹಾಕಿದ ವರ್ಷ ನಾವು ಮುಳಬಾಗಿಲು ಲೈನಿನ ಗಾಡಿಯವರನ್ನು ಸುಮ್ಮನೆ ಅನುಮಾನಿಸಿದೆವು. ಆ ವರ್ಷ ಲೆಕ್ಕದಲ್ಲಿ ಕಡಿಮೆ ಬಿದ್ದ ಕ್ರೇಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಷೆಡ್ಡಿನ ಹಿಂದೆಯೇ ಮುರಿದು ಬಿದ್ದಿದ್ದವು.